ಒಣದ್ರಾಕ್ಷಿ ಮಾರುವ ಖಾತೆಗೆ ಬಂದ ಎಚ್ಚರಿಕೆ: ರದ್ದತಿ ಮತ್ತು ತಡ ರವಾನೆಯ ಲೆಕ್ಕ

«ನಾನು ತಿಕೋಟಾದವ. ಅಮೆಜಾನ್‌ನಾಗ ಅರ್ಧ ಕಿಲೋ ಒಣದ್ರಾಕ್ಷಿ ಪ್ಯಾಕೆಟ್ ಮಾರಾಕತ್ತೀನಿ. ಈ ವಾರ 18 ಆರ್ಡರ್ ಬಂದಿದ್ವು, ಮಾಲಿಲ್ಲ ಅಂತ 2 ರದ್ದು ಮಾಡಿದೆ. ಸಂಕ್ರಮಣದ ಜಾತ್ರಿ ಟೈಮಿನಾಗ 4 ಪ್ಯಾಕೆಟ್ ತಡ ಆದ್ವು. 30 ದಿನದಾಗ ಒಟ್ಟು 70 ಆರ್ಡರ್. ಈಗ ಖಾತೆ ಬಂದ್ ಆಗಬಹುದು ಅಂತ ಮೇಲ್ ಬಂದದ. ಎರಡ ಆರ್ಡರಿಗೆ ಇಷ್ಟ ಯಾಕ್ರಿ?»

ತಿಕೋಟಾದ ಅಣ್ಣನವರಿಗೆ ನಮಸ್ಕಾರ. ಅಮೆಜಾನ್‌ನವರು ನೋಡುವುದು ಎಷ್ಟು ಆರ್ಡರ್ ರದ್ದಾದವು ಎಂಬುದನ್ನಲ್ಲ, ನೂರಕ್ಕೆ ಎಷ್ಟು ಎಂಬುದನ್ನು. ಅದೂ ಕೇವಲ 7 ದಿನಗಳ ಅವಧಿಯಲ್ಲಿ. ಮಾರಾಟಗಾರರೇ ರದ್ದು ಮಾಡಿದ ಆರ್ಡರ್‌ಗಳು ಆ ಅವಧಿಯ ಒಟ್ಟು ಆರ್ಡರ್‌ಗಳ ಶೇ. 2.5ಕ್ಕಿಂತ ಕಡಿಮೆ ಇರಬೇಕು. ನಿಮ್ಮ 18ರಲ್ಲಿ 2 ಎಂದರೆ ಶೇ. 11ಕ್ಕೂ ಹೆಚ್ಚು. ವಾರಕ್ಕೆ 400 ಆರ್ಡರ್ ಬರುವ ದೊಡ್ಡ ವ್ಯಾಪಾರಿ 9 ಆರ್ಡರ್ ರದ್ದು ಮಾಡಿದರೂ ಮಿತಿಯೊಳಗೇ ಉಳಿಯುತ್ತಾನೆ, ಆದರೆ 40 ಅಥವಾ ಅದಕ್ಕಿಂತ ಕಡಿಮೆ ಆರ್ಡರ್ ಇರುವ ನಮ್ಮಂಥವರಿಗೆ ಒಂದೇ ಒಂದು ರದ್ದತಿಯೂ ಮಿತಿಯನ್ನು ಮುಟ್ಟುತ್ತದೆ ಇಲ್ಲವೇ ದಾಟಿಸುತ್ತದೆ. ಇದು ಸಣ್ಣ ಬೆಳೆಗಾರರಿಗೆ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೂ ನಿಯಮ ಹೀಗಿರುವವರೆಗೆ ರದ್ದು ಮಾಡಲು ನಿಮಗಿರುವ ಅವಕಾಶ ಸೊನ್ನೆ ಎಂದೇ ತಿಳಿದು ವ್ಯವಸ್ಥೆ ಮಾಡಿಕೊಳ್ಳಬೇಕು.

ತಡ ರವಾನೆಯ ಲೆಕ್ಕ ಬೇರೆ. ಅದನ್ನು ಕಳೆದ 10 ದಿನ, ಕಳೆದ 30 ದಿನ ಹೀಗೆ ಎರಡು ಅವಧಿಗಳಲ್ಲಿ ನೋಡುತ್ತಾರೆ, ಎರಡರಲ್ಲೂ ಶೇ. 4ಕ್ಕಿಂತ ಕಡಿಮೆ ಇರಬೇಕು. 70ರಲ್ಲಿ 4 ಎಂದರೆ ಸುಮಾರು ಶೇ. 5.7. ಇದನ್ನು ಹೊಸ ಆರ್ಡರ್‌ಗಳಿಂದಲೇ ಇಳಿಸಬೇಕಾದರೆ ಒಟ್ಟು 100ಕ್ಕಿಂತ ಹೆಚ್ಚು ಆರ್ಡರ್ ಆಗಬೇಕು. ಅದಕ್ಕಾಗಿ ಬೆಲೆ ಇಳಿಸಿ ಆರ್ಡರ್ ಹೆಚ್ಚಿಸಿಕೊಳ್ಳಲು ಹೋಗಬೇಡಿ, ಕೈಯಲ್ಲಿ ಮಾಲಿಲ್ಲದಾಗ ಅದರಿಂದ ರದ್ದತಿಯೇ ಹೆಚ್ಚುತ್ತದೆ. ಜಾತ್ರೆಯ ಆ ನಾಲ್ಕು ಆರ್ಡರ್‌ಗಳು ದಿನ ಕಳೆದಂತೆ ತಾವೇ ಅವಧಿಯಿಂದ ಹೊರಗೆ ಬೀಳುತ್ತವೆ. ಅಲ್ಲಿಯವರೆಗೆ ಐದನೆಯದು ಸೇರದಂತೆ ಕಾಯುವುದೇ ಕೆಲಸ. Seller Central ತೆರೆದು Account Health ಪುಟದಲ್ಲಿ Cancellation Rate ಮತ್ತು Late Shipment Rate ಎಂಬ ಎರಡು ಸಾಲುಗಳನ್ನು ದಿನಕ್ಕೊಮ್ಮೆ ನೋಡಿ, ಯಾವ ಯಾವ ಆರ್ಡರ್ ಲೆಕ್ಕಕ್ಕೆ ಬಂದಿದೆ ಎಂಬುದನ್ನು ನಿಮ್ಮ ವಹಿಯೊಂದಿಗೆ ತಾಳೆ ಹಾಕಿ.

ಈಗ ಮೂಲ ಕಾರಣಕ್ಕೆ ಬರೋಣ. ಈ ಗುಂಪಿನಲ್ಲಿ ಇನ್ನೊಬ್ಬರು ಕೇಳಿದಾಗ ನೀವು ಕೊಟ್ಟ ವಿವರದಂತೆ, ಕೋಲ್ಡ್ ಸ್ಟೋರೇಜಿನಲ್ಲಿದ್ದ 15 ಕಿಲೋದ ಎರಡು ಬಾಕ್ಸ್‌ಗಳನ್ನು ನಂಬಿ ಲಿಸ್ಟಿಂಗ್‌ನಲ್ಲಿ 60 ಪ್ಯಾಕೆಟ್ ತೋರಿಸಿದ್ದೀರಿ. ಅಷ್ಟರಲ್ಲಿ ತಾಸಗಾಂವದ ವ್ಯಾಪಾರಿಗೆ ಲಾಟ್ ಕೊಡುವಾಗ ಆ ಬಾಕ್ಸ್‌ಗಳೂ ಅದರೊಂದಿಗೆ ಹೋದವು. ರದ್ದತಿ ಹುಟ್ಟಿದ್ದು ಅಲ್ಲಿಯೇ ಹೊರತು ನೀವು ಗುಂಡಿ ಒತ್ತಿದ ದಿನವಲ್ಲ. ತೂಕ ಮಾಡಿ, ಸೀಲ್ ಹಾಕಿ, ಲೇಬಲ್ ಅಂಟಿಸಿ ಮನೆಯ ಕಪಾಟಿನಲ್ಲಿ ಇಟ್ಟ ಪ್ಯಾಕೆಟ್‌ಗಳನ್ನು ಮಾತ್ರ ಲಿಸ್ಟಿಂಗ್‌ನಲ್ಲಿ ಎಣಿಸಿ. ಸ್ಟೋರೇಜಿನಲ್ಲಿರುವುದು ಎಷ್ಟೇ ಇರಲಿ, ಅದು ಪ್ಯಾಕ್ ಆಗುವವರೆಗೆ ಆನ್‌ಲೈನ್ ಮಾಲು ಅಲ್ಲ. ಕಪಾಟಿನಲ್ಲಿ 25 ಇದ್ದರೆ 20 ಎಂದು ತೋರಿಸಿ: ಸೀಲ್ ಬಿಟ್ಟ ಪ್ಯಾಕೆಟ್, ತೇವ ಹಿಡಿದು ಅಂಟಿಕೊಂಡ ಕಾಳು, ಮನೆಗೆ ಬಂದ ಬೀಗರ ಕೈಗೆ ಕೊಟ್ಟದ್ದು, ಇವೆಲ್ಲ ಆ ಐದರಲ್ಲಿ ಮುಗಿಯಲಿ. ಅದೇ ಪ್ಯಾಕೆಟ್‌ಗಳನ್ನು ಇನ್ನೊಂದು ಆ್ಯಪ್‌ನಲ್ಲಿಯೂ ಹಾಕಿದ್ದರೆ ಸಂಖ್ಯೆಯನ್ನು ಎರಡು ಕಡೆಗೆ ಪಾಲು ಮಾಡಿ, ಪೂರ್ತಿ ಸಂಖ್ಯೆಯನ್ನು ಎರಡೂ ಕಡೆ ಬರೆಯಬೇಡಿ. ಮಿತಿಗಳು ಆ ಆ್ಯಪ್‌ನಲ್ಲಿ ಬೇರೆಯೇ ಇರುತ್ತವೆ, ಇಲ್ಲಿನ ಅಂಕಿ ಅಲ್ಲಿಗೆ ಹೊಂದುವುದಿಲ್ಲ.

ತಡವಾಗುವುದಕ್ಕೂ ಇದೇ ಬಗೆಯ ಕಾರಣವಿದೆ. ನೀವು ಒಂದೇ ದಿನದಲ್ಲಿ ಕಳಿಸುತ್ತೇನೆಂದು ಅವಧಿ ಇಟ್ಟಿದ್ದೀರಿ; ಆದರೆ ತೋಟದ ಕೆಲಸವಿದ್ದ ದಿನ ಪ್ಯಾಕ್ ಮಾಡುವವರು ಮನೆಯಲ್ಲಿ ಇರುವುದಿಲ್ಲ, ಕರೆಂಟ್ ಹೋದರೆ ಪ್ರಿಂಟರ್ ನಡೆಯುವುದಿಲ್ಲ. ರವಾನೆಯ ಅವಧಿಯನ್ನು 2 ದಿನಕ್ಕೆ ಏರಿಸಿ. ಗ್ರಾಹಕರಿಗೆ ತಲುಪುವ ದಿನಾಂಕ ಒಂದು ದಿನ ಮುಂದೆ ಕಾಣಿಸುವುದರಿಂದ ಮಾರಾಟ ಸ್ವಲ್ಪ ಇಳಿಯಬಹುದು, ಆದರೆ ಒಣದ್ರಾಕ್ಷಿ ಒಂದು ದಿನದಲ್ಲಿ ಕೆಡುವ ಮಾಲಲ್ಲವಾದ್ದರಿಂದ ಆ ನಷ್ಟ ತಾಳಿಕೊಳ್ಳುವಂಥದ್ದು. ಈ ಬದಲಾವಣೆ ಹೊಸ ಆರ್ಡರ್‌ಗಳಿಗೆ ಮಾತ್ರ ಅನ್ವಯಿಸುತ್ತದೆ, ಈಗಾಗಲೇ ಬಂದಿರುವವುಗಳ ಗಡುವು ಹಾಗೆಯೇ ಇರುತ್ತದೆ. ಸಿದ್ಧೇಶ್ವರ ಜಾತ್ರೆಯಂತೆ ಮೊದಲೇ ಗೊತ್ತಿರುವ ದಿನಗಳಿಗೆ ರಜೆಯ ಸೆಟ್ಟಿಂಗ್ ಬಳಸಿ, ಲಿಸ್ಟಿಂಗ್ ತಾತ್ಕಾಲಿಕವಾಗಿ ಮರೆಯಾಗುತ್ತದೆ. ಆದರೆ ಅದನ್ನು ಜಾತ್ರೆಯ ಬೆಳಿಗ್ಗೆ ಹಾಕಬೇಡಿ. ಒಂದೆರಡು ದಿನ ಮೊದಲೇ ಹಾಕಿ, ಅದಕ್ಕೂ ಮುಂಚೆ ಬಂದ ಆರ್ಡರ್‌ಗಳನ್ನು ಕಳಿಸಿ ಮುಗಿಸಿ.

ಇಲ್ಲಿ ಬಂದ ಬೇರೆ ಸಲಹೆಗಳ ಬಗ್ಗೆಯೂ ಹೇಳಬೇಕಾಗಿದೆ. ಬಬಲೇಶ್ವರದ ಕಾಕಾ ಅವರು ಗ್ರಾಹಕರು ತಾವೇ ರದ್ದು ಮಾಡಿದರೆ ಲೆಕ್ಕಕ್ಕೆ ಬರುವುದಿಲ್ಲ ಎಂದು ಬರೆದಿದ್ದಾರೆ. ಅದು ಸರಿ. ಗ್ರಾಹಕರು ತಮ್ಮ ಖಾತೆಯಿಂದಲೇ ಕೋರಿದ ರದ್ದತಿ ನಿಮ್ಮ ಮೇಲೆ ಬರುವುದಿಲ್ಲ, Pending ಸ್ಥಿತಿಯಲ್ಲಿರುವಾಗ ಅವರು ಬಿಟ್ಟುಕೊಟ್ಟ ಆರ್ಡರ್ ಕೂಡ ಬರುವುದಿಲ್ಲ. ಆದರೆ ಫೋನ್ ಮಾಡಿ «ನೀವೇ ರದ್ದು ಮಾಡಿರಿ» ಎಂದು ಕೇಳಿಕೊಳ್ಳಬೇಕೆಂಬ ಅವರ ಮುಂದಿನ ಮಾತನ್ನು ದಯವಿಟ್ಟು ಅನುಸರಿಸಬೇಡಿ. ಅದು ನಿಯಮಭಂಗ, ಒಬ್ಬ ಗ್ರಾಹಕರು ದೂರು ಕೊಟ್ಟರೆ ಶೇಕಡಾವಾರಿಗಿಂತ ದೊಡ್ಡ ತೊಂದರೆಯಾಗುತ್ತದೆ. ಇಂಡಿಯ ತಮ್ಮ ಹೇಳಿದಂತೆ ಪ್ಯಾಕೆಟ್ ಮನೆಯಲ್ಲೇ ಇದ್ದಾಗ ರವಾನೆಯಾಯಿತೆಂದು ದಾಖಲಿಸುವುದೂ ಬೇಡ. ಟ್ರ್ಯಾಕಿಂಗ್‌ನಲ್ಲಿ ಕೊರಿಯರ್‌ನ ಮೊದಲ ಸ್ಕ್ಯಾನ್ ಎರಡು ದಿನ ಬಿಟ್ಟು ಬಂದಾಗ ಸುಳ್ಳು ತಾನಾಗಿಯೇ ಕಾಣುತ್ತದೆ. ಇಳಕಲ್ಲಿನ ಅಕ್ಕನವರು ತಮ್ಮ ಸೀರೆಗಳು ವಾಪಸ್ ಬಂದದ್ದನ್ನು ಬರೆದಿದ್ದಾರೆ, ಅದು ಈ ಎರಡು ಲೆಕ್ಕಗಳಿಗೆ ಸೇರಿದ್ದಲ್ಲ. ಆದರೆ ವಾಪಸಾತಿಯ ಜೊತೆ ಒಂದು ನಕ್ಷತ್ರದ ಅಭಿಪ್ರಾಯವೋ ಪರಿಹಾರದ ದೂರೋ ಬಂದಿದ್ದರೆ ಅದು Order Defect Rate ಎಂಬ ಮೂರನೆಯ ಸಾಲಿಗೆ ಹೋಗುತ್ತದೆ. ಅದರ ಮಿತಿ ಶೇ. 1, ಅವಧಿ 60 ದಿನ.

ಮಾಲು ನಾಳೆಯೇ ಬರುವಂತಿದ್ದಾಗ ರದ್ದು ಮಾಡಬೇಕೋ ತಡವಾಗಿ ಕಳಿಸಬೇಕೋ ಎಂಬ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಉತ್ತರವಿಲ್ಲ. ರದ್ದತಿ 7 ದಿನದಲ್ಲಿ ಲೆಕ್ಕದಿಂದ ಹೊರಬೀಳುತ್ತದೆ, ತಡ 30 ದಿನ ಉಳಿಯುತ್ತದೆ. ಆದರೂ ಗ್ರಾಹಕರಿಗೆ ಮಾಲು ಸಿಗುತ್ತದೆಂಬ ಕಾರಣಕ್ಕೆ ಒಂದು ದಿನದ ತಡವನ್ನೇ ನಾನು ಆರಿಸಿಕೊಳ್ಳುತ್ತೇನೆ. ಮೂರು ನಾಲ್ಕು ದಿನ ಆಗುವಂತಿದ್ದರೆ ಕಾಯಿಸದೆ ರದ್ದು ಮಾಡುತ್ತೇನೆ. ಇದಕ್ಕೆ ಒಪ್ಪದವರು ಈ ಗುಂಪಿನಲ್ಲೇ ಇದ್ದಾರೆ.

ಮೇಲ್‌ಗೆ ಉತ್ತರ ಬರೆಯುವಾಗ ಜಾತ್ರೆ, ಜನದಟ್ಟಣೆ ಎಂದು ಉದ್ದಕ್ಕೆ ಬರೆಯಬೇಡಿ. ಅವರಿಗೆ ಬೇಕಾದದ್ದು ಏನಾಯಿತು, ಈಗ ಏನು ಸರಿಪಡಿಸಿದಿರಿ, ಮುಂದೆ ಆಗದಂತೆ ಏನು ಮಾಡಿದ್ದೀರಿ ಎಂಬುದು ಮಾತ್ರ: «ಪ್ಯಾಕ್ ಆಗದ ಮಾಲನ್ನು ಲಿಸ್ಟಿಂಗ್‌ನಲ್ಲಿ ಎಣಿಸಿದ್ದರಿಂದ 2 ಆರ್ಡರ್ ರದ್ದಾದವು. ಇಂದು ಸಂಖ್ಯೆಯನ್ನು 20ಕ್ಕೆ ಇಳಿಸಿದ್ದೇವೆ, ರವಾನೆಯ ಅವಧಿಯನ್ನು 2 ದಿನ ಮಾಡಿದ್ದೇವೆ. ಇನ್ನು ಮುಂದೆ ಪ್ಯಾಕ್ ಮಾಡಿದ ಮಾಲನ್ನು ಪ್ರತಿದಿನ ಸಂಜೆ ಎಣಿಸಿ ಸಂಖ್ಯೆ ಬದಲಿಸುತ್ತೇವೆ.» ಮೊದಲು ಆ ಬದಲಾವಣೆಗಳನ್ನು ನಿಜವಾಗಿ ಮಾಡಿ, ಆಮೇಲೆ ಕಳಿಸಿ. ಆ ನಾಲ್ಕರಲ್ಲಿ ಯಾವುದಾದರೂ ನೀವು ಸಮಯಕ್ಕೆ ಸಿದ್ಧವಾಗಿಟ್ಟಿದ್ದರೂ ಪಿಕಪ್‌ನವರು ಬಾರದೆ ತಡವಾಗಿದ್ದರೆ, ಅದಕ್ಕೆ ಆರ್ಡರ್ ಸಂಖ್ಯೆ ಮತ್ತು ಪಿಕಪ್ ನಿಗದಿಯಾಗಿದ್ದ ದಿನಾಂಕದೊಂದಿಗೆ ಪ್ರತ್ಯೇಕವಾಗಿ ದೂರು ದಾಖಲಿಸಿ. ನಾಲ್ಕರ ದಿನಾಂಕಗಳನ್ನೂ ಇಲ್ಲಿ ಹಾಕಿದರೆ 10 ದಿನದ ಲೆಕ್ಕದಲ್ಲಿ ಇನ್ನೂ ಎಷ್ಟು ಉಳಿದಿವೆ ಎಂಬುದನ್ನು ಕೂಡಿ ನೋಡಬಹುದು.