ಕಾಫಿ ಪುಡಿಯ ವಿವರಣೆಯಲ್ಲಿ ಏನಿರಬೇಕು?

ಪ್ರಶ್ನೆ: “‘ಘಮಘಮಿಸುವ ಗಟ್ಟಿ ಸ್ವಾದ’ ಎಂದು ಬರೆದಿದ್ದೇನೆ. ಕೊಂಡವರು ಪುಡಿ ಕರಗುವುದಿಲ್ಲ, ಡಿಕಾಕ್ಷನ್ ಇಳಿಯುವುದಿಲ್ಲ ಎನ್ನುತ್ತಾರೆ. ಏನು ಬರೆಯಲಿ?”

ಇದು ಫಿಲ್ಟರ್ ಪುಡಿ ಎಂಬುದು ವಿವರಣೆಯಲ್ಲಿ ಕಾಣದಿರುವುದರಿಂದ ಕೆಲವರು ಇನ್‌ಸ್ಟೆಂಟ್ ಎಂದು ತಿಳಿದು ಕೊಂಡಿರಬೇಕು. ಆದ್ದರಿಂದ ‘ಫಿಲ್ಟರ್ ಕಾಫಿ ಪುಡಿ, ನೀರಿನಲ್ಲಿ ಕರಗುವುದಿಲ್ಲ’ ಎಂಬುದೇ ಮೊದಲ ಸಾಲಾಗಲಿ.

ಅನಂತರ ಚಿಕೋರಿಯ ಪ್ರಮಾಣವನ್ನು ‘ಕಾಫಿ 80%, ಚಿಕೋರಿ 20%’ ಎಂಬಂತೆ ಅಂಕಿಯಲ್ಲೇ ಕೊಡಿ. ಮಿಶ್ರಣದಲ್ಲಿ ಕಾಫಿ 51%ಕ್ಕಿಂತ ಕಡಿಮೆಯಿರಬಾರದು, ಎರಡರ ಪ್ರಮಾಣವೂ ಪೊಟ್ಟಣದ ಮೇಲೆ ಇರಬೇಕು ಎಂಬುದು ಆಹಾರ ಸುರಕ್ಷತಾ ನಿಯಮವೂ ಹೌದು. ಚಿಕೋರಿ ನೀರು ಹೀರಿ ಉಬ್ಬುವುದರಿಂದ, ಅದು ಹೆಚ್ಚಾಗಿ ಪುಡಿಯೂ ತೀರ ನುಣುಪಾಗಿದ್ದರೆ ಫಿಲ್ಟರಿನ ತೂತುಗಳು ಕಟ್ಟಿಕೊಳ್ಳುತ್ತವೆ; ನಿಮ್ಮ ಎರಡನೆಯ ದೂರಿಗೆ ಇದು ಕಾರಣವಿರಬಹುದಾದರೂ, ಕೊಂಡವರು ಪುಡಿಯನ್ನು ಒತ್ತಿ ತುಂಬಿದ್ದರೂ ಹೀಗೇ ಆಗುತ್ತದೆ. ಆದ್ದರಿಂದ ಬರೆಯುವ ಮುನ್ನ ನೀವೇ ಒಮ್ಮೆ ಇಳಿಸಿ ನೋಡಿ.

ಹುರಿತಕ್ಕೆ ‘ಮಧ್ಯಮ: ಬೀಜ ಕಂದು ಬಣ್ಣ, ಮೇಲೆ ಎಣ್ಣೆ ಒಸರಿಲ್ಲ’ ಎಂದೂ, ಪುಡಿಗೆ ‘ಸಣ್ಣ ರವೆಗಿಂತ ನುಣುಪು, ಮೈದಾಗಿಂತ ತರಿ’ ಎಂದೂ ಕಣ್ಣಿಗೆ, ಬೆರಳಿಗೆ ಸಿಗುವಂತೆ ಹೇಳಿ.

ಕೊನೆಗೆ ವಿಧಾನ: ‘20 ಗ್ರಾಂ ಪುಡಿಯನ್ನು ಮೇಲಿನ ಪಾತ್ರೆಗೆ ಹಾಕಿ, ಬಿಲ್ಲೆಯಿಂದ ಹಗುರವಾಗಿ ಸಮಮಾಡಿ, ಕುದಿದಿಳಿಸಿದ 150 ಮಿಲಿ ನೀರು ಸುರಿದು ಮುಚ್ಚಿಡಿ.’ ಡಿಕಾಕ್ಷನ್ ಇಳಿಯಲು ನಿಮಗೆ ಹಿಡಿದ ನಿಮಿಷಗಳನ್ನೂ ಸೇರಿಸಿ.