‘ನಾನೇ ಸರಿಯಿಲ್ಲ ಬಿಡು’ ಅಂದಾಗ ಮಾತು ನಿಂತುಹೋಯಿತು

(ಸಲಹೆ ಪಡೆದವರ ಒಪ್ಪಿಗೆಯಿಂದ ಬರೆದಿದ್ದೇನೆ. ಹೆಸರು, ವೃತ್ತಿ, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಸುಮಾ, 38 ವರ್ಷ, ಪ್ರೌಢಶಾಲಾ ಶಿಕ್ಷಕಿ. ಕಾಲೇಜಿನ ದಿನಗಳಿಂದ ಜೊತೆಗಿದ್ದ ಗೆಳತಿ ಲತಾ ಜೊತೆ ತಿಂಗಳಿಂದ ಮಾತು ನಿಂತಿತ್ತು. ವಾಟ್ಸಾಪ್‌ನಲ್ಲಿ ಲತಾ ಏನು ಕೇಳಿದರೂ ಸುಮಾ ಕಡೆಯಿಂದ ‘ಸರಿ’, ‘ಹೂಂ’, ಅಷ್ಟೇ. ‘ಅವಳಿಗೆ ನಾನು ಬೇಡವಾಗಿದ್ದೇನೆ ಮೇಡಂ’ ಎನ್ನುತ್ತಲೇ ಮೊದಲ ಭೇಟಿ ಮುಗಿಯಿತು.

ಮುಂದಿನ ಸಲ, ಇಬ್ಬರ ಮಾತು ಮುರಿದ ದಿನ ನಡೆದ ಸಂಭಾಷಣೆಯನ್ನು ನೆನಪಿದ್ದಷ್ಟು ಯಥಾವತ್ತಾಗಿ ಬರೆಯಲು ಹೇಳಿದೆ. ಇಂಥ ಪ್ರಕರಣಗಳಲ್ಲಿ ನಾನು ಶುರು ಮಾಡುವುದೇ ಇಲ್ಲಿಂದ, ಏಕೆಂದರೆ ನೊಂದವರ ನೆನಪಿನಲ್ಲಿ ಉಳಿಯುವುದು ಆಡಿದ ಮಾತಲ್ಲ, ಅದಕ್ಕೆ ಅವರು ಕೊಟ್ಟುಕೊಂಡ ಅರ್ಥ. ಸುಮಾ ಬರೆದದ್ದು ಹೀಗಿತ್ತು, ಮೊದಲ ಮಾತು ಲತಾ ಅವರದು:

‘ನಾನು ಕಷ್ಟ ಹೇಳ್ಕೊಂಡ್ರೆ ನೀನು ನಿನ್ನ ಕಥೆ ಶುರು ಮಾಡ್ತೀಯ ಕಣೇ. ನನಗೆ ಬೇಜಾರಾಗತ್ತೆ.’

‘ನಾನಾ? ನಿಮ್ಮಮ್ಮ ಆಸ್ಪತ್ರೆಲಿದ್ದಾಗ ದಿನಾ ಊಟ ತಂದವಳು ಯಾರು?’

‘ಊಟದ ವಿಷಯ ಅಲ್ಲ ನಾನು ಹೇಳಿದ್ದು.’

‘ಆಯ್ತು, ನಾನೇ ಸರಿಯಿಲ್ಲ ಬಿಡು.’

ಇದನ್ನು ಓದಿದ ಮೇಲೂ ಸುಮಾ, ‘ನೋಡಿ, ನಾನು ತಪ್ಪು ಒಪ್ಪಿಕೊಂಡಿದ್ದೇನಲ್ಲ’ ಎಂದರು. ಪ್ರಕರಣದ ಗಂಟು ಇದ್ದದ್ದು ಅಲ್ಲೇ. ಊಟದ ಮಾತು ಸಮರ್ಥನೆ ಎಂಬುದು ಅವರಿಗೆ ಬೇಗ ಹೊಳೆಯಿತು. ಆದರೆ ‘ನಾನೇ ಸರಿಯಿಲ್ಲ’ ಎಂಬುದು ಒಪ್ಪಿಗೆಯಂತೆ ಕೇಳಿಸಿದರೂ ಬಾಗಿಲು ಹಾಕುವ ಮಾತು. ಲತಾ ಹೇಳಿದ್ದು ಒಂದು ನಡವಳಿಕೆಯ ಬಗ್ಗೆ. ಸುಮಾ ಅದನ್ನು ತನ್ನ ಇಡೀ ವ್ಯಕ್ತಿತ್ವದ ಮೇಲಿನ ತೀರ್ಪಾಗಿ ಹಿಗ್ಗಿಸಿಕೊಂಡರು. ಆಗ ಲತಾಗೆ ಉಳಿದದ್ದು ಎರಡೇ ದಾರಿ: ‘ಹಾಗಲ್ಲ ಕಣೇ, ನೀನು ಒಳ್ಳೆಯವಳೇ’ ಎಂದು ಸಮಾಧಾನ ಮಾಡುವುದು, ಇಲ್ಲವೇ ಸುಮ್ಮನಾಗುವುದು. ಯಾವುದನ್ನು ಆರಿಸಿದರೂ ಅವರ ನೋವಿನ ಮಾತು ಅಲ್ಲಿಗೆ ಮುಗಿದಂತೆ.

ಆ ಕ್ಷಣ ಮೈಯಲ್ಲಿ ಏನಾಯಿತು ಎಂದು ಕೇಳಿದೆ. ಕಿವಿ ಬಿಸಿಯಾಯಿತು, ಎದೆ ಹೊಡೆದುಕೊಂಡಿತು, ಲತಾ ಆಮೇಲೆ ಹೇಳಿದ್ದು ತಲೆಗೆ ಹೋಗಲಿಲ್ಲ ಎಂದರು. ದಂಪತಿಗಳ ವಾಗ್ವಾದವನ್ನು ಬಹುಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್, ಮಾತಿನ ನಡುವೆ ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ಸರಿಯಾಗಿ ಒಳಗಿಳಿಯುವುದಿಲ್ಲ, ಮೈ ತಣಿಯಲು ಕನಿಷ್ಠ 20 ನಿಮಿಷ ಬೇಕು ಎನ್ನುತ್ತಾರೆ. ಗೆಳೆತನಕ್ಕೂ ಇದು ಹೊಂದುತ್ತದೆ ಎಂಬುದು ನನ್ನ ಅನುಭವ. ಹಾಗಾಗಿ ಬಿಡುವು ಕೇಳುವುದು ತಪ್ಪಲ್ಲ, ಆದರೆ ಮತ್ತೆ ಯಾವಾಗ ಮಾತಾಡುತ್ತೇನೆಂದು ಹೇಳಿಯೇ ಹೋಗಬೇಕು. ‘ನೀನು ಹೇಳಿದ್ದು ಕೇಳಿಸ್ತು. ಈಗ ತಲೆ ಓಡ್ತಿಲ್ಲ, ರಾತ್ರಿ ಊಟ ಆದ್ಮೇಲೆ ಫೋನ್ ಮಾಡ್ತೀನಿ.’ ಸಮಯ ಹೇಳದೆ ಎದ್ದುಹೋದರೆ ಅದು ಮುನಿಸು. ಇನ್ನೊಂದು ಎಚ್ಚರ: ಆ ಬಿಡುವಿನಲ್ಲಿ ಮನಸ್ಸಿನೊಳಗೇ ವಕಾಲತ್ತು ನಡೆಸಿದರೆ ಬಡಿತ ಇಳಿಯುವುದಿಲ್ಲ. ಪಾತ್ರೆ ತೊಳೆಯಿರಿ, ನಡೆದು ಬನ್ನಿ ಎಂದೆ.

ಆಮೇಲೆ ಮಾಡಬೇಕಾದ ಕೆಲಸವನ್ನು ಎದುರುಬದುರು ಕೂತು ಅಭ್ಯಾಸ ಮಾಡಿದೆವು. ನಾನು ಲತಾ ಆದೆ. ಗೆಳತಿಯ ಮಾತನ್ನು ಆಕೆಯದೇ ಶಬ್ದಗಳಲ್ಲಿ ತಿರುಗಿ ಹೇಳಬೇಕು, ಒಂದು ಸಂದರ್ಭ ಕೇಳಬೇಕು, ಅದರಲ್ಲಿ ನಿಜವಾದಷ್ಟನ್ನು ಹೆಸರಿಸಿ ಒಪ್ಪಬೇಕು. ಸುಮಾ ಎಡವಿದ್ದು ಎರಡನೆಯದರಲ್ಲಿ. ‘ಯಾವತ್ತು ಹಾಗೆ ಮಾಡಿದೆ, ಹೇಳು!’ ಎಂದರು, ಪ್ರಶ್ನೆ ಪಾಟೀಸವಾಲಾಗಿತ್ತು. ಉತ್ತರ ಬರುವ ಮುನ್ನವೇ ಅದಕ್ಕೆ ಎದುರುತ್ತರ ಮನಸ್ಸಿನಲ್ಲಿ ಸಿದ್ಧವಾಗಿದ್ದರೆ ನಾವು ಕೇಳುತ್ತಿಲ್ಲ, ಸಾಕ್ಷಿ ಕಲೆಹಾಕುತ್ತಿದ್ದೇವೆ. ‘ನಿನಗೆ ತುಂಬ ಬೇಜಾರಾದ ಒಂದು ದಿನ ಹೇಳು’ ಎಂದು ಬದಲಿಸಿಕೊಂಡ ಮೇಲೆ ಅವರ ದನಿಯೂ ಇಳಿಯಿತು.

ಕೊನೆಗೆ ಸುಮಾ ಫೋನ್ ಮಾಡಿದರು. ಅಮ್ಮನ ಸ್ಕ್ಯಾನಿಂಗ್ ರಿಪೋರ್ಟ್ ಬಂದ ಸಂಜೆಯನ್ನು ಲತಾ ನೆನಪಿಸಿದರು. ‘ಹೌದು. ನೀನು ಅಳ್ತಿದ್ದೆ, ನಾನು ನಮ್ಮತ್ತೆ ಆಪರೇಷನ್ ಕಥೆ ಹೇಳಿದೆ’ ಎಂದ ಸುಮಾ ಅಲ್ಲಿಗೇ ನಿಲ್ಲಿಸಿದರು. ‘ಆದ್ರೆ’ ನಾಲಿಗೆ ತುದಿಗೆ ಬಂದಿತ್ತಂತೆ. ಧೈರ್ಯ ಬರಲಿ ಎಂದು ಆ ಕಥೆ ಹೇಳಿದ್ದೆ ಎಂಬ ವಿವರಣೆ ಸುಳ್ಳಲ್ಲ. ಅದನ್ನು ಎರಡು ದಿನ ಬಿಟ್ಟು, ‘ನನ್ನ ಕಡೆದೊಂದು ಹೇಳ್ಲಾ?’ ಎಂದು ಕೇಳಿಯೇ ಹೇಳಿದರು.

ಈ ಕ್ರಮ ಎಲ್ಲ ಕಡೆ ನಡೆಯುವಂಥದ್ದಲ್ಲ. ನಾಲ್ಕು ಜನರ ಎದುರು ಹೀಯಾಳಿಸುವವರ ಮುಂದೆ, ಯಾವ ಸಂದರ್ಭವನ್ನೂ ಹೇಳದೆ ‘ನೀನೇ ಹಾಗೆ’ ಎನ್ನುವವರ ಮುಂದೆ ತಿರುಗಿ ಹೇಳುತ್ತ ಕೂರಬೇಕಿಲ್ಲ. ಕೇಳಿಸಿಕೊಂಡದ್ದನ್ನೆಲ್ಲ ಒಪ್ಪಬೇಕೆಂದೂ ಇಲ್ಲ. ‘ನಿನಗೆ ನಿನ್ನ ಮನೆಯವರಷ್ಟೇ ಮುಖ್ಯ’ ಎಂಬ ಲತಾ ಮಾತನ್ನು ಸುಮಾ ಪೂರ್ತಿ ಕೇಳಿ, ‘ಇದು ನನಗೆ ನಿಜ ಅನ್ಸಲ್ಲ ಕಣೇ’ ಎಂದಿದ್ದಾರೆ. ಅದೊಂದು ವಿಷಯದಲ್ಲಿ ಇಬ್ಬರಿಗೂ ಇನ್ನೂ ಒಮ್ಮತವಿಲ್ಲ.