ರಿಂಗ್-ಸ್ಪನ್ ಎಂದ ಮಾತ್ರಕ್ಕೆ ಕೋಂಬ್ಡ್ ಆಗುವುದಿಲ್ಲ

“ಟಿ-ಶರ್ಟ್ ಮುದ್ರಿಸಿ ಮಾರುವ ಸಣ್ಣ ವ್ಯಾಪಾರ ಆರಂಭಿಸುತ್ತಿದ್ದೇನೆ. ಕೋಂಬ್ಡ್, ಕಾರ್ಡೆಡ್, ರಿಂಗ್-ಸ್ಪನ್ ಈ ಮೂರರಲ್ಲಿ ಯಾವುದು ಮೃದು, ಯಾವುದು ಗಟ್ಟಿ, ಯಾವುದು ಬಾಳಿಕೆ ಬರುತ್ತದೆ?”

ಈ ಮೂರನ್ನು ಒಂದೇ ಸಾಲಿನಲ್ಲಿಟ್ಟು ಆರಿಸುವುದೇ ತಪ್ಪು. ನಾನೂ ಹಾಗೆ ಆರಿಸಲು ಹೋಗಿ, ಒಂದು ಕಾಲೇಜಿನ ಉತ್ಸವದ ಆರ್ಡರನ್ನು ಪೂರ್ತಿ ಸ್ವಂತ ಖರ್ಚಿನಲ್ಲಿ ಮತ್ತೊಮ್ಮೆ ಮಾಡಿಕೊಟ್ಟಿದ್ದೇನೆ. ತಿರುಪ್ಪೂರಿನಿಂದ ಬಟ್ಟೆ ತರಿಸುವಾಗ ನಾನು ಬರೆದುಕೊಟ್ಟದ್ದು “ಶುದ್ಧ ಹತ್ತಿ, ರಿಂಗ್-ಸ್ಪನ್, 180 ಜಿಎಸ್ಎಂ, ಬಯೋವಾಷ್” ಎಂದು. ಬಂದದ್ದೂ ಅದೇ. ಕೆಲವು ಒಗೆತಗಳಾದ ಮೇಲೆ ಕಂಕುಳು ಮತ್ತು ಹೊಟ್ಟೆಯ ಭಾಗದಲ್ಲಿ ಗುಂಜು ಕಟ್ಟಿ, ಮುದ್ರಣದ ನಡುವೆ ನವಿರೆಳೆಗಳು ಎದ್ದು, ಅಂಗಿಗಳು ಹಳೆಯವಂತೆ ಕಂಡವು. ಮಾರಿದವರು ಮೋಸ ಮಾಡಿರಲಿಲ್ಲ. ಅವರು ಕಳಿಸಿದ್ದು ಕಾರ್ಡೆಡ್ ನೂಲಿನ ಬಟ್ಟೆ. ಅದನ್ನು ನೂತದ್ದು ರಿಂಗ್ ಫ್ರೇಮಿನಲ್ಲೇ.

ಕಾರ್ಡಿಂಗ್ ಎಂಬುದು ಗಿರಣಿಯಲ್ಲಿ ಎಲ್ಲ ಹತ್ತಿಗೂ ಆಗುತ್ತದೆ: ಅರಳೆಯನ್ನು ಹಿಂಜಿ, ಕಸ ತೆಗೆದು, ಎಳೆಗಳನ್ನು ಬಿಡಿಸಿ ಉದ್ದನೆಯ ಹಂಜಿಯನ್ನಾಗಿ ಮಾಡುವ ಹಂತ ಅದು. ಅಲ್ಲಿಗೇ ನಿಲ್ಲಿಸಿ ನೂತರೆ ಕಾರ್ಡೆಡ್. ಅದರ ಮೇಲೆ ಸೂಕ್ಷ್ಮ ಹಲ್ಲುಗಳ ಬಾಚಣಿಗೆ ಹಾಯಿಸಿ ಗಿಡ್ಡ ಎಳೆಗಳನ್ನೂ ಗಂಟುಗಳನ್ನೂ ಹೊರಹಾಕಿದರೆ ಕೋಂಬ್ಡ್. ಹೀಗೆ ಹೊರಹೋಗುವ ಭಾಗ ಸಾಮಾನ್ಯವಾಗಿ ತೂಕದ ಶೇ. 12ರಿಂದ 18ರಷ್ಟಿರುತ್ತದೆ, ಬೆಲೆ ಏರುವುದಕ್ಕೆ ಮುಖ್ಯ ಕಾರಣವೂ ಇದೇ. ರಿಂಗ್-ಸ್ಪನ್ ಎಂಬುದು ಇವೆರಡರ ನಂತರ ಹುರಿ ಹಾಕುವ ವಿಧಾನದ ಹೆಸರು. ಅದಕ್ಕೆ ಎದುರಾಗಿ ನಿಲ್ಲುವುದು ಓಪನ್-ಎಂಡ್, ಅಂದರೆ ವ್ಯಾಪಾರಿಗಳ ಬಾಯಲ್ಲಿ ಓಇ. ಆದ್ದರಿಂದ ನಿಮ್ಮ ಮುಂದೆ ವಾಸ್ತವವಾಗಿ ಇರುವ ಆಯ್ಕೆಗಳು ಕೋಂಬ್ಡ್ ರಿಂಗ್, ಕಾರ್ಡೆಡ್ ರಿಂಗ್ ಮತ್ತು ಓಇ.

ಗಿಡ್ಡ ಎಳೆ ನೂಲಿನ ದಪ್ಪಕ್ಕೆ ಸೇರುತ್ತದೆಯೇ ಹೊರತು ಬಲಕ್ಕಲ್ಲ. ಹುರಿ ಬಿದ್ದಾಗ ಉದ್ದ ಎಳೆಗಳು ಒಂದರ ಮೇಲೊಂದು ಹೆಚ್ಚು ದೂರ ಹಾಯ್ದು ಪರಸ್ಪರ ಬಿಗಿಹಿಡಿಯುತ್ತವೆ. ಗಿಡ್ಡವು ಜಾರಿ, ತುದಿಯನ್ನು ಹೊರಚಾಚುತ್ತವೆ. ಚರ್ಮಕ್ಕೆ ಒರಟಾಗಿ ತಾಗುವುದು ಆ ತುದಿಗಳು, ಉಜ್ಜಿದಾಗ ಹೊಸೆದುಕೊಂಡು ಗುಂಜಾಗುವುದೂ ಅವೇ. ಹೀಗಾಗಿ ಕೋಂಬ್ಡ್ ನೂಲು ಮೃದುವೂ ಹೌದು, ಗಟ್ಟಿಯೂ ಹೌದು.

ಹಾಗಾದರೆ ಮಾದರಿ ಬಟ್ಟೆಯನ್ನು ಮುಟ್ಟಿ ನೋಡಿದಾಗ ನನಗೆ ಏಕೆ ತಿಳಿಯಲಿಲ್ಲ? ನಾನು ಎಡವಿದ್ದು ಅಲ್ಲೇ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಯೋವಾಷ್‌ನಲ್ಲಿ ಸೆಲ್ಯುಲೇಸ್ ಎಂಬ ಕಿಣ್ವವು ಬಟ್ಟೆಯ ಮೇಲ್ಮೈಯಲ್ಲಿ ಚಾಚಿಕೊಂಡ ನವಿರೆಳೆಗಳನ್ನು ತಿಂದುಹಾಕುತ್ತದೆ. ಹಾಗೆ ತೊಳೆದ ಕಾರ್ಡೆಡ್ ಬಟ್ಟೆ ಕೈಗೆ ಕೋಂಬ್ಡ್‌ನಷ್ಟೇ ನುಣುಪಾಗಿ ಸಿಗುತ್ತದೆ. ಆದರೆ ನೂಲಿನ ಒಳಗಿರುವ ಗಿಡ್ಡ ಎಳೆಗಳು ಅಲ್ಲೇ ಉಳಿದು, ಪ್ರತಿ ಒಗೆತದಲ್ಲೂ ಹೊರಗೆ ಬರುತ್ತವೆ. ಕಿಣ್ವವು ನೂಲಿನ ಬಲವನ್ನೂ ಸ್ವಲ್ಪ ತಿಂದಿರುತ್ತದೆ. ನಾನು ಬೆರಳಿನಿಂದ ಪರೀಕ್ಷಿಸಿದ್ದು ನೂಲನ್ನಲ್ಲ, ಆ ತೊಳೆತವನ್ನು. ಖರೀದಿ ಪತ್ರದಲ್ಲಿ ‘ಕೋಂಬ್ಡ್’ ಎಂಬ ಒಂದೇ ಪದ ಇದ್ದಿದ್ದರೆ ಬಟ್ಟೆಯನ್ನು ಹಿಂದಿರುಗಿಸುವ ಹಕ್ಕಾದರೂ ನನಗಿರುತ್ತಿತ್ತು.

ಇಂದು ನಾನು ಮಾದರಿಯನ್ನು ಐದು ಬಾರಿ ಯಂತ್ರದಲ್ಲಿ ಒಗೆದು, ಒಗೆಯದ ತುಂಡಿನ ಪಕ್ಕದಲ್ಲಿಟ್ಟು ನೋಡದೆ ಮುಂಗಡ ಕೊಡುವುದಿಲ್ಲ. ಕಡುನೀಲಿ ಅಥವಾ ಕಪ್ಪು ಬಣ್ಣದ ಮಾದರಿಯನ್ನೇ ಕೇಳುತ್ತೇನೆ, ಏಕೆಂದರೆ ಬಾಚದೆ ಉಳಿದ ಗಂಟುಗಳಲ್ಲಿ ಬಲಿಯದ ಎಳೆಗಳು ಬಣ್ಣ ಹಿಡಿಯದೆ ಬಿಳಿ ಚುಕ್ಕೆಗಳಾಗಿ ಕಾಣಿಸುತ್ತವೆ. ಅಂಚಿನಿಂದ ಒಂದು ನೂಲನ್ನು ಎಳೆದು ಹುರಿಯನ್ನು ಹಿಂದಕ್ಕೆ ಬಿಚ್ಚಿದರೆ ರಿಂಗ್ ನೂಲು ಸಲೀಸಾಗಿ ಎಳೆ ಎಳೆಯಾಗಿ ತೆರೆದುಕೊಳ್ಳುತ್ತದೆ; ಓಇ ನೂಲಿನಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸುತ್ತಿಕೊಂಡ ಎಳೆಗಳು ಬಿಗಿದು, ಪೂರ್ತಿ ಬಿಚ್ಚಲು ಬಿಡುವುದಿಲ್ಲ.

ಓಇ ಎಂದರೆ ಕೀಳು ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದು ರಿಂಗ್ ನೂಲಿಗಿಂತ ಒರಟು, ಬಲವೂ ಕಡಿಮೆ, ನಿಜ. ಆದರೆ ಅದರ ನೂಲು ಹೆಚ್ಚು ಸಮನಾಗಿರುತ್ತದೆ, ಹೊರಚಾಚುವ ನವಿರೆಳೆಗಳೂ ಕಡಿಮೆ. ಜೀನ್ಸ್ ಬಟ್ಟೆಗೂ ಟವೆಲ್ಲಿಗೂ ಅದನ್ನು ಧಾರಾಳವಾಗಿ ಬಳಸುತ್ತಾರೆ. ಒಂದು ದಿನದ ಮೆರವಣಿಗೆಗೋ ಪ್ರಚಾರಕ್ಕೋ ಹಂಚುವ ಅಂಗಿಗೆ ಕೋಂಬ್ಡ್ ಕೊಡುವುದು ದುಡ್ಡು ಚೆಲ್ಲಿದಂತೆ. ನಿಮ್ಮ ಹೆಸರು ಹಾಕಿ ಮಾರುವ ಅಂಗಿಗಾದರೆ ಕೋಂಬ್ಡ್ ರಿಂಗ್ ಬಿಟ್ಟು ಬೇರೆ ಯೋಚನೆ ಬೇಡ. ‘ಸೆಮಿ-ಕೋಂಬ್ಡ್’ ಎಂದು ಯಾರಾದರೂ ಹೇಳಿದರೆ ಎಷ್ಟು ಶೇಕಡಾ ಗಿಡ್ಡ ಎಳೆ ತೆಗೆದಿದ್ದಾರೆ ಎಂದು ಕೇಳಿ, ಬಂದ ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.